ದೂರದ ಓಡಾಟದ ಕಾರಣಕ್ಕೆ ಪೋಸ್ಟಿಂಗ್ ಬದಲಿಸಿಕೊಡಿ ಎಂದು ವಾರ್ಡ್ ಮೇಲ್ವಿಚಾರಕರಿಗೆ ಪತ್ರ ಬರೆಯುವುದು ಹೇಗೆ?

‘ನಮ್ಮೂರು ತುಂಬಾ ದೂರ, ದಿನಾ ಓಡಾಡೋಕೆ ಕಷ್ಟ ಆಗ್ತಿದೆ, ದಯವಿಟ್ಟು ಬೇರೆ ಕಡೆ ಹಾಕಿಕೊಡಿ.’ ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೈಗೆ ಕೊಡುವ ಪತ್ರಗಳಲ್ಲಿ ಹೆಚ್ಚಿನವು ಇಷ್ಟೇ ಇರುತ್ತವೆ. ಹೇಳಿರುವುದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಓದಿದವರು ಏನು ಮಾಡಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಎಷ್ಟು ದೂರ, ಬೇರೆ ಕಡೆ ಎಂದರೆ ಎಲ್ಲಿಗೆ, ಯಾವತ್ತಿನಿಂದ, ಈ ಹುಡುಗಿ ಹೋದರೆ ಆ ಜಾಗಕ್ಕೆ ಯಾರು ಬರುತ್ತಾರೆ? ಇವಕ್ಕೆಲ್ಲ ಉತ್ತರ ಹುಡುಕುವ ಹೊರೆ ಓದುವವರ ತಲೆಗೆ ಬೀಳುತ್ತದೆ. ಹದಿನೈದು ಹಾಸಿಗೆ, ಎರಡು ಡಿಸ್ಚಾರ್ಜ್, ಬೆಳಗಿನ ರೌಂಡ್ಸ್ ನಡುವೆ ಯಾರಿಗೂ ಅಷ್ಟು ಪುರುಸೊತ್ತು ಇರುವುದಿಲ್ಲ. ಪತ್ರ ಮೇಜಿನ ಡ್ರಾಯರ್ ಸೇರುತ್ತದೆ.

ಬೋಧಕಿಯಾಗಿ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದೊಯ್ಯುವ ನನಗೆ ಇಂಥ ಪತ್ರಗಳು ಪ್ರತಿ ರೊಟೇಷನ್‌ನಲ್ಲೂ ಕಣ್ಣಿಗೆ ಬೀಳುತ್ತವೆ. ದಿನಕ್ಕೆ ಐದು ಗಂಟೆ ಬಸ್ಸಿನಲ್ಲೇ ಕಳೆದು ಬಂದ ಹುಡುಗಿ ಇಂಜೆಕ್ಷನ್ ಟ್ರೇ ಹಿಡಿದು ನಿಂತಾಗ ಅವಳ ಕಣ್ಣು ಎಳೆಯುತ್ತಿರುವುದನ್ನು ನೋಡಿದವರಿಗೆ ಈ ವಿಷಯ ಸಣ್ಣದಲ್ಲ ಎಂದು ಗೊತ್ತು. ಹಾಗಾಗಿ ಕರ್ನಾಟಕದ ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳ ಸ್ಥಿತಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಬರೆದು ತೋರಿಸುತ್ತೇನೆ. ಜಿ.ಎನ್.ಎಂ. ಓದುವವರೂ ಇದೇ ದಾರಿಯಲ್ಲಿ ಬರೆಯಬಹುದು.

ಮೊದಲು ತಿಳಿಯಬೇಕಾದದ್ದು: ಯಾರ ಕೈಯಲ್ಲಿ ಏನಿದೆ

ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ವಿದ್ಯಾರ್ಥಿಯನ್ನು ಕಳುಹಿಸುವ ಅಧಿಕಾರ ವಾರ್ಡ್ ಮೇಲ್ವಿಚಾರಕರಿಗೆ ಇಲ್ಲ. ಯಾವ ಬ್ಯಾಚು ಯಾವ ವಾರ ಎಲ್ಲಿರಬೇಕು ಎಂಬ ಮಾಸ್ಟರ್ ರೊಟೇಷನ್ ಪ್ಲಾನ್ ತಯಾರಾಗುವುದು ಕಾಲೇಜಿನಲ್ಲಿ. ಅದಕ್ಕೆ ಪ್ರಾಂಶುಪಾಲರ ಸಹಿ ಬಿದ್ದ ಮೇಲೆ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಕಚೇರಿಗೆ ಹೋಗುತ್ತದೆ. ವಾರ್ಡಿನ ಇನ್‌ಚಾರ್ಜ್ ಕೈಯಲ್ಲಿರುವುದು ಆ ವಾರ್ಡಿನ ಡ್ಯೂಟಿ ರೋಸ್ಟರ್ ಮಾತ್ರ. ಬೆಳಗಿನ ಪಾಳಿಯೋ ಸಂಜೆಯ ಪಾಳಿಯೋ, ವಾರದ ರಜೆ ಯಾವತ್ತು ಎಂಬಷ್ಟನ್ನು ಅವರು ಬದಲಿಸಬಲ್ಲರು.

ಹಾಗಾದರೆ ಅವರಿಗೆ ಯಾಕೆ ಬರೆಯಬೇಕು? ಅವರ ಒಂದು ಸಾಲಿನ ಶರಾ ಇಲ್ಲದೆ ಕಾಲೇಜು ಸಾಮಾನ್ಯವಾಗಿ ಪ್ಲಾನ್ ಮುಟ್ಟುವುದಿಲ್ಲ. ‘ಈ ವಿದ್ಯಾರ್ಥಿನಿಯನ್ನು ಬಿಟ್ಟುಕೊಡಲು ನಮ್ಮ ಅಭ್ಯಂತರವಿಲ್ಲ, ಬದಲಿಗೆ ಇಂಥವರನ್ನು ಕಳುಹಿಸಿದರೆ ಸಾಕು’ ಎಂದು ಇನ್‌ಚಾರ್ಜ್ ಬರೆದುಕೊಟ್ಟರೆ ಕಾಲೇಜಿಗೆ ಒಪ್ಪಲು ಸುಲಭ. ಅದಿಲ್ಲದೆ ನೇರವಾಗಿ ಪ್ರಾಂಶುಪಾಲರ ಬಳಿ ಹೋದರೆ ಅವರು ಕೇಳುವ ಮೊದಲ ಪ್ರಶ್ನೆಯೇ ‘ವಾರ್ಡಿನಲ್ಲಿ ಹೇಳಿದ್ದೀಯಾ?’ ಎಂಬುದು. ಹೀಗಾಗಿ ವಾರ್ಡಿಗೆ ಬರೆಯುವ ಪತ್ರದಲ್ಲಿ ಪೋಸ್ಟಿಂಗ್ ಬದಲಿಸಿ ಎಂದು ಕೇಳಿ ಪ್ರಯೋಜನವಿಲ್ಲ. ಬಿಟ್ಟುಕೊಡಲು ಒಪ್ಪಿಗೆ ಮತ್ತು ಕಾಲೇಜಿಗೆ ಶಿಫಾರಸು, ಇವೆರಡನ್ನು ಕೇಳಬೇಕು. ಇಷ್ಟು ಸ್ಪಷ್ಟವಾದರೆ ಪತ್ರದ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ವಿಷಯ. ಬೋಧನೆಗೆ ಬಳಸುವ ಆಸ್ಪತ್ರೆ ಕಾಲೇಜಿನಿಂದ 30 ಕಿ.ಮೀ. ಒಳಗಿರಬೇಕು ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ಇಟ್ಟಿರುವ ಅಳತೆ. ಅದನ್ನು ಅಳೆಯುವುದು ಕಾಲೇಜಿನ ಬಾಗಿಲಿನಿಂದ, ನಿಮ್ಮ ಮನೆಯಿಂದಲ್ಲ. ‘ನಮ್ಮನೆಯಿಂದ ಐವತ್ತು ಕಿಲೋಮೀಟರ್ ಆಗುತ್ತೆ, ಇದು ನಿಯಮಕ್ಕೆ ವಿರುದ್ಧ’ ಎಂದು ಬರೆಯುವ ಮಕ್ಕಳಿದ್ದಾರೆ. ಆ ವಾದ ನಿಲ್ಲುವುದಿಲ್ಲ, ಮೇಲಾಗಿ ಓದಿದವರಿಗೆ ಕಿರಿಕಿರಿಯಾಗುತ್ತದೆ. ಇದು ಹಕ್ಕಿನ ಅರ್ಜಿಯಲ್ಲ, ಅನುಕೂಲದ ವಿನಂತಿ. ಬರೆಯುವಾಗ ಈ ಅರಿವು ಇರಲಿ.

ದೂರವನ್ನಲ್ಲ, ಸಮಯವನ್ನು ಬರೆಯಿರಿ

ನಮ್ಮ ಉದಾಹರಣೆಯ ವಿದ್ಯಾರ್ಥಿನಿ ಎಂಟನೇ ಸೆಮಿಸ್ಟರಿನವಳು. ಆ ಸೆಮಿಸ್ಟರಿನಲ್ಲಿ 22 ವಾರಗಳ ಇಂಟರ್ನ್‌ಶಿಪ್ ಇರುತ್ತದೆ. ಅದರಲ್ಲಿ ವಯಸ್ಕರ ಶುಶ್ರೂಷೆಗೆ 6 ವಾರ. ಮನೆ ಹುಣಸೂರಿನಿಂದ ಒಳಗೆ ಹೋಗುವ ಒಂದು ಹಳ್ಳಿ, ಕಾಲೇಜು ಮೈಸೂರಿನಲ್ಲಿ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಅವಳಿಗೆ ಹಾಕಿರುವ ಆಸ್ಪತ್ರೆ ಮೈಸೂರಿನ ಆಚೆ ಬದಿಗೆ, ತಿ. ನರಸೀಪುರ ರಸ್ತೆಯ ಕಡೆ ಇದೆ ಎಂದುಕೊಳ್ಳೋಣ. ಅದೇ ಕಾಲೇಜಿಗೆ ಸೇರಿದ ಇನ್ನೊಂದು ಆಸ್ಪತ್ರೆ ಹುಣಸೂರು ರಸ್ತೆಯಲ್ಲೇ ಇದೆ. ಅಲ್ಲೂ ಮೆಡಿಕಲ್ ವಾರ್ಡ್ ಇದೆ, ಅಲ್ಲೂ ಇದೇ ಬ್ಯಾಚಿನ ಮಕ್ಕಳಿದ್ದಾರೆ.

‘ಐವತ್ತಕ್ಕೂ ಹೆಚ್ಚು ಕಿಲೋಮೀಟರ್’ ಎಂದು ಬರೆದರೆ ಓದುವವರಿಗೆ ಏನೂ ಅನ್ನಿಸುವುದಿಲ್ಲ. ಮೈಸೂರಿಗೆ ಅಷ್ಟು ದೂರದಿಂದ ದಿನವೂ ಎಷ್ಟೋ ಜನ ಕೆಲಸಕ್ಕೆ ಬರುತ್ತಾರೆ, ಬಹುಶಃ ಆ ಸಿಸ್ಟರ್ ಕೂಡ ಬರುತ್ತಿರಬಹುದು. ಅದರ ಬದಲು ಒಂದು ವಾರ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ: ಮನೆ ಬಿಟ್ಟದ್ದು, ಪ್ರತಿ ಬಸ್ ಹತ್ತಿದ್ದು, ಇಳಿದದ್ದು, ವಾರ್ಡಿನ ಬಾಗಿಲು ಮುಟ್ಟಿದ್ದು. ನಮ್ಮ ವಿದ್ಯಾರ್ಥಿನಿಯ ಪಟ್ಟಿ ಹೀಗಿದೆ. ಬೆಳಿಗ್ಗೆ 5:55ಕ್ಕೆ ಮನೆ ಬಿಡುತ್ತಾಳೆ. ಊರಿನ ಮೊದಲ ಬಸ್ 6:10ಕ್ಕೆ, ಹುಣಸೂರು ಸೇರುವುದು 6:35ಕ್ಕೆ. ಅಲ್ಲಿಂದ 6:45ರ ಬಸ್. ಅದು 7:40ಕ್ಕೆ ಹಿನಕಲ್ ದಾಟಿ, 8 ಗಂಟೆಗೆ ಮೈಸೂರಿನ ಸಬರ್ಬನ್ ನಿಲ್ದಾಣಕ್ಕೆ ಬರುತ್ತದೆ. ಅಲ್ಲಿಂದ ಸಿಟಿ ಬಸ್ ಹಿಡಿದು ವಾರ್ಡ್ ಸೇರುವಾಗ 8:35. ಮಧ್ಯಾಹ್ನ 2:15ಕ್ಕೆ ಹೊರಟರೆ ಮನೆ ಸೇರುವುದು ಸಂಜೆ 5ಕ್ಕೆ. ಹೋಗಿ ಬರಲು 5 ಗಂಟೆ 25 ನಿಮಿಷ.

ಈ ಪಟ್ಟಿಯಲ್ಲಿ ನಿಜವಾಗಿ ಕೆಲಸ ಮಾಡುವ ಅಂಕಿ ಐದೂವರೆ ಗಂಟೆಯಲ್ಲ, 8:35. ಬೆಳಗಿನ ಪಾಳಿ ಶುರುವಾಗುವುದು 8ಕ್ಕೆ. ರಾತ್ರಿ ಪಾಳಿಯವರು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾ ಓವರ್ ಕೊಡುವುದು ಆಗಲೇ. ಯಾರಿಗೆ ರಾತ್ರಿ ಜ್ವರ ಬಂತು, ಯಾರ ಡ್ರಿಪ್ ನಿಲ್ಲಿಸಿದ್ದಾರೆ, ಯಾರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯಬೇಕು ಎಂಬುದು ತಿಳಿಯುವುದು ಆ ಅರ್ಧ ಗಂಟೆಯಲ್ಲಿ. 8:35ಕ್ಕೆ ಬಂದವಳಿಗೆ ಅದಾವುದೂ ಸಿಗುವುದಿಲ್ಲ. ಊರಿನಿಂದ ಇದಕ್ಕಿಂತ ಮೊದಲು ಬಸ್ಸೇ ಇಲ್ಲ, ಆದ್ದರಿಂದ ಅವಳು ಎಷ್ಟು ಬೇಗ ಎದ್ದರೂ ಇದು ಸರಿಹೋಗುವುದಿಲ್ಲ. ನಿಮಗೆ ಆಯಾಸವಾಗುತ್ತದೆ ಎಂಬುದಕ್ಕಿಂತ ಓವರ್ ತಪ್ಪುತ್ತದೆ ಎಂಬುದು ಇನ್‌ಚಾರ್ಜ್ ಸಿಸ್ಟರ್‌ಗೆ ಹತ್ತಿರದ ವಿಷಯ. ತಮ್ಮ ವಾರ್ಡಿನ ತೊಂದರೆ ಅವರಿಗೆ ತಕ್ಷಣ ಕಾಣುತ್ತದೆ.

ಪಟ್ಟಿಗೆ ಪುರಾವೆ ಏನು? ಬಸ್ ಟಿಕೆಟ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಆದ್ದರಿಂದ ಹುಡುಗಿಯರು ಖರ್ಚಿನ ಕಾರಣ ಮುಂದಿಟ್ಟರೆ ಅದಕ್ಕೆ ಹೆಚ್ಚು ತೂಕ ಬರುವುದಿಲ್ಲ. ಆದರೆ ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ಟಿನಲ್ಲೂ ಎಲ್ಲಿಂದ ಎಲ್ಲಿಗೆ, ಯಾವ ದಿನ, ಎಷ್ಟು ಗಂಟೆಗೆ ಎಂದು ಅಚ್ಚಾಗಿರುತ್ತದೆ. ದುಡ್ಡಿಲ್ಲದ ಟಿಕೆಟ್ ಎಂದು ಇಳಿಯುತ್ತಲೇ ಎಸೆದುಬಿಡುವವರೇ ಹೆಚ್ಚು. ಒಂದು ವಾರದ್ದನ್ನು ಇಟ್ಟುಕೊಳ್ಳಿ. ಆ ಕಾಗದದ ಅಚ್ಚು ಬಿಸಿಲಿಗೆ, ಬೆವರಿಗೆ ಬೇಗ ಮಾಸುತ್ತದೆ. ಹಾಗಾಗಿ ಅಂದಂದಿನದನ್ನು ಅಂದೇ ಫೋಟೊ ತೆಗೆದು, ಆಮೇಲೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಲಗತ್ತಿಸಿ. ಹುಡುಗರಿಗೆ ಬಸ್ ಪಾಸ್ ಇದ್ದರೆ ಅದರ ಜೆರಾಕ್ಸ್ ಸಾಕು. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ಕರಾವಳಿಯಲ್ಲಿ ಟಿಕೆಟ್ ಸಿಗದಿದ್ದರೆ ಬಸ್ಸಿನ ವೇಳೆ ಬರೆದ ಪಟ್ಟಿಯೊಂದೇ ಸಾಕಾಗುತ್ತದೆ.

ಜಾಗ ನೀವೇ ಹುಡುಕಿ, ಜೊತೆಗೆ ಬದಲಿಗೆ ಬರುವವರನ್ನೂ

ಬೇರೆ ಕಡೆ ಎಂದರೆ ಎಲ್ಲಿ ಎಂಬುದಕ್ಕೆ ಉತ್ತರ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಾಕಿರುವ ರೊಟೇಷನ್ ಪ್ಲಾನ್‌ನಲ್ಲೇ ಇರುತ್ತದೆ. ನಿಮ್ಮ ಬ್ಯಾಚಿನ ಎದುರು ಯಾವ ಯಾವ ಆಸ್ಪತ್ರೆಗಳ ಹೆಸರಿದೆ, ಇದೇ ವಾರಗಳಲ್ಲಿ ಇದೇ ವಿಷಯಕ್ಕೆ ಯಾರು ಎಲ್ಲಿದ್ದಾರೆ ಎಂದು ನೋಡಿ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯನ್ನು ಕೇಳಬೇಡಿ. ನಿಮ್ಮ ತಾಲ್ಲೂಕು ಆಸ್ಪತ್ರೆ ಮನೆ ಪಕ್ಕದಲ್ಲೇ ಇರಬಹುದು. ಆದರೆ ಅದರೊಂದಿಗೆ ಕಾಲೇಜಿಗೆ ಒಪ್ಪಂದ ಇಲ್ಲದಿದ್ದರೆ ಅಲ್ಲಿ ಮಾಡಿದ ಡ್ಯೂಟಿ ಲೆಕ್ಕಕ್ಕೆ ಬರುವುದಿಲ್ಲ.

ವಿಷಯ ಬದಲಾಗದಿರುವುದೂ ಅಷ್ಟೇ ಮುಖ್ಯ. ಮೆಡಿಕಲ್ ವಾರ್ಡಿನಿಂದ ಮೆಡಿಕಲ್ ವಾರ್ಡಿಗೆ ಹೋದರೆ ಲಾಗ್ ಬುಕ್ ಮುಂದುವರಿಯುತ್ತದೆ. ಮಕ್ಕಳ ವಾರ್ಡಿಗೆ ಹೋದರೆ ಈಗ ಮುಗಿಸಿದ ವಾರ ಅರ್ಧಕ್ಕೆ ನಿಲ್ಲುತ್ತದೆ. ಪರೀಕ್ಷೆಗೆ ಕೂರಲು ಥಿಯರಿ ಮತ್ತು ಪ್ರಾಕ್ಟಿಕಲ್ ಎರಡರಲ್ಲೂ ಶೇ. 80ರಷ್ಟು ಹಾಜರಿ ಸಾಕು. ಆದರೆ ಪದವಿ ಕೈಗೆ ಬರಬೇಕಾದರೆ ಪ್ರತಿಯೊಂದು ಕ್ಲಿನಿಕಲ್ ವಿಭಾಗದಲ್ಲೂ ಶೇ. 100 ಹಾಜರಿ ಪೂರ್ತಿಯಾಗಿರಬೇಕು. ಅರ್ಧಕ್ಕೆ ನಿಂತದ್ದನ್ನು ಒಂದಲ್ಲ ಒಂದು ದಿನ, ಬ್ಯಾಚಿನವರೆಲ್ಲ ಮನೆಗೆ ಹೋದ ಮೇಲೆ, ನೀವೊಬ್ಬರೇ ಬಂದು ಮುಗಿಸಬೇಕಾಗುತ್ತದೆ.

ಇನ್ನು ಬದಲಿ ವ್ಯಕ್ತಿ. ಹುಣಸೂರು ರಸ್ತೆಯ ಆಸ್ಪತ್ರೆಯಲ್ಲಿರುವ ಸಹಪಾಠಿಗಳಲ್ಲಿ ಮೈಸೂರಿನ ತಿ. ನರಸೀಪುರ ರಸ್ತೆಯ ಬದಿಯಲ್ಲೇ ಮನೆಯಿದ್ದು, ದಿನವೂ ಊರು ದಾಟಿ ಅಲ್ಲಿಗೆ ಹೋಗುತ್ತಿರುವವರು ಒಬ್ಬರಾದರೂ ಇರುವ ಸಂಭವ ಹೆಚ್ಚು. ಅವರೊಂದಿಗೆ ಮಾತಾಡಿ, ಒಪ್ಪಿದರೆ ಒಂದು ಹಾಳೆಯಲ್ಲಿ ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಇದರಿಂದ ಎರಡೂ ವಾರ್ಡುಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಇದ್ದಷ್ಟೇ ಇರುತ್ತದೆ. ಒಬ್ಬರು ಕಡಿಮೆಯಾಗುತ್ತಾರೆ ಎಂಬುದು ಇನ್‌ಚಾರ್ಜ್ ಹಿಂಜರಿಯಲು ಇರುವ ದೊಡ್ಡ ಕಾರಣ. ಆ ಕಾರಣವನ್ನೇ ತೆಗೆದುಹಾಕಿದ ಪತ್ರಕ್ಕೆ ‘ಆಗಲ್ಲ’ ಎನ್ನುವುದು ಅವರಿಗೂ ಕಷ್ಟ. ನನ್ನ ಅನುಭವದಲ್ಲಿ ಬದಲಿ ವ್ಯಕ್ತಿಯ ಸಹಿ ಇರುವ ಪತ್ರಕ್ಕೂ ಇಲ್ಲದ ಪತ್ರಕ್ಕೂ ಸಿಗುವ ಉತ್ತರದಲ್ಲಿ ಬಹಳ ವ್ಯತ್ಯಾಸ ಇರುತ್ತದೆ.

ಕೇಳಿ ಫಲವಿಲ್ಲದ ಪೋಸ್ಟಿಂಗ್‌ಗಳೂ ಇವೆ. ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಸಂಸ್ಥೆಗಳಿಗೇ ಹೋಗಬೇಕಾಗಿ ಬಂದರೆ ಅದಕ್ಕೆ ಹತ್ತಿರದ ಬದಲಿ ಇರುವುದಿಲ್ಲ. ಆ ವಾರಗಳಿಗೆ ಉಳಿದುಕೊಳ್ಳಲು ಜಾಗ ಕೇಳಿ ಬರೆಯುವುದೇ ಸರಿ. ಹೆರಿಗೆ ವಾರ್ಡಿನದೂ ಹೀಗೆಯೇ. ಮನೆ ಹತ್ತಿರದ ಚಿಕ್ಕ ಆಸ್ಪತ್ರೆಯಲ್ಲಿ ಹೆರಿಗೆಗಳೇ ಕಡಿಮೆಯಾದರೆ ನಿಗದಿತ ಸಂಖ್ಯೆಯ ಕೇಸುಗಳು ತುಂಬದೆ ಲಾಗ್ ಬುಕ್ ಖಾಲಿ ಉಳಿಯುತ್ತದೆ. ಪ್ರಯಾಣ ಉಳಿದರೂ ಕಲಿಕೆ ಹೋಗುತ್ತದೆ.

ಪತ್ರ

ಈಗ ಪತ್ರ ಬರೆಯೋಣ. ಒಂದೇ ಪುಟ, ಬಿಳಿ ಹಾಳೆ, ಕೈಬರಹವಾದರೂ ಸರಿ. ಭಾಷೆ ಯಾವುದೆಂಬ ಚಿಂತೆ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಕನ್ನಡದಲ್ಲೇ ಕೊಡಿ. ಖಾಸಗಿ ಆಸ್ಪತ್ರೆಯಲ್ಲಿ ಇನ್‌ಚಾರ್ಜ್ ಸಿಸ್ಟರ್ ಕೇರಳದವರಾಗಿದ್ದು ಕನ್ನಡ ಮಾತಾಡಿದರೂ ಓದಲು ತಡವರಿಸುವುದಾದರೆ, ಇದೇ ಒಕ್ಕಣೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ.

ಸ್ಥಳ: ಮೈಸೂರು
ದಿನಾಂಕ: ............

ಇಂದ,
(ಹೆಸರು), ಬಿ.ಎಸ್ಸಿ. ನರ್ಸಿಂಗ್, 8ನೇ ಸೆಮಿಸ್ಟರ್
ನೋಂದಣಿ ಸಂಖ್ಯೆ: ............
(ಕಾಲೇಜಿನ ಹೆಸರು)

ಗೆ,
ಮೇಲ್ವಿಚಾರಕರು,
ಮಹಿಳಾ ಮೆಡಿಕಲ್ ವಾರ್ಡ್,
(ಆಸ್ಪತ್ರೆಯ ಹೆಸರು)

ಮೂಲಕ: ಕ್ಲಿನಿಕಲ್ ಬೋಧಕರು, (ಕಾಲೇಜಿನ ಹೆಸರು)

ಮಾನ್ಯರೇ,

ವಿಷಯ: ಪ್ರಯಾಣದ ಅವಧಿಯಿಂದಾಗಿ ಪೋಸ್ಟಿಂಗ್ ಬದಲಾವಣೆಗೆ ತಮ್ಮ ಒಪ್ಪಿಗೆ ಹಾಗೂ ಶಿಫಾರಸು ಕೋರಿ.

ವಯಸ್ಕರ ಶುಶ್ರೂಷೆಯ 6 ವಾರಗಳ ಇಂಟರ್ನ್‌ಶಿಪ್‌ಗಾಗಿ ನಾನು ತಮ್ಮ ವಾರ್ಡಿನಲ್ಲಿದ್ದು, ಮೊದಲ ವಾರ ಬೆಳಗಿನ ಪಾಳಿ ಮುಗಿಸಿದ್ದೇನೆ. ನಾನು ಹುಣಸೂರು ತಾಲ್ಲೂಕಿನ (ಊರಿನ ಹೆಸರು) ಗ್ರಾಮದಿಂದ ದಿನವೂ ಬರುತ್ತೇನೆ. ಊರಿನ ಮೊದಲ ಬಸ್ ಬೆಳಿಗ್ಗೆ 6:10ಕ್ಕೆ. ಅದರಲ್ಲಿ ಹೊರಟರೂ ವಾರ್ಡ್ ತಲುಪುವಾಗ 8:30 ದಾಟುತ್ತದೆ. ಕಳೆದ ವಾರ ಒಂದು ದಿನವೂ ಓವರ್ ತೆಗೆದುಕೊಳ್ಳಲು ನನಗೆ ಸಾಧ್ಯವಾಗಿಲ್ಲ. ಹೋಗಿ ಬರಲು ದಿನಕ್ಕೆ 5 ಗಂಟೆ 25 ನಿಮಿಷ ಆಗುತ್ತಿದೆ. ವೇಳೆಯ ವಿವರ ಮತ್ತು ಟಿಕೆಟ್‌ಗಳ ಪ್ರತಿಯನ್ನು ಲಗತ್ತಿಸಿದ್ದೇನೆ.

ಕಾಲೇಜಿನ ಹಾಸ್ಟೆಲ್‌ನಲ್ಲಿ ಸದ್ಯ ಜಾಗವಿಲ್ಲವೆಂದು ವಾರ್ಡನ್ ತಿಳಿಸಿದ್ದಾರೆ. ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿದ್ದು, ಇನ್ನೂ ಸೀಟು ಹಂಚಿಕೆಯಾಗಿಲ್ಲ.

ಹುಣಸೂರು ರಸ್ತೆಯ (ಆಸ್ಪತ್ರೆಯ ಹೆಸರು) ಮೆಡಿಕಲ್ ವಾರ್ಡಿನಲ್ಲಿ ನಮ್ಮ ಬ್ಯಾಚಿನ (ಸಹಪಾಠಿಯ ಹೆಸರು) ಇದೇ ಪೋಸ್ಟಿಂಗ್‌ನಲ್ಲಿದ್ದಾರೆ. ಅವರ ಮನೆ ತಮ್ಮ ಆಸ್ಪತ್ರೆಗೆ ಹತ್ತಿರವಿದ್ದು, ಉಳಿದ 5 ವಾರಗಳಿಗೆ ನನ್ನೊಂದಿಗೆ ಸ್ಥಳ ಬದಲಿಸಿಕೊಳ್ಳಲು ಒಪ್ಪಿದ್ದಾರೆ. ಅವರ ಒಪ್ಪಿಗೆ ಪತ್ರವೂ ಜೊತೆಯಲ್ಲಿದೆ. ನಾನು ಬರುವ ಬಸ್ 7:40ಕ್ಕೇ ಆ ಆಸ್ಪತ್ರೆಯ ಮುಂದೆ ಹಾದುಹೋಗುವುದರಿಂದ 8 ಗಂಟೆಯ ಓವರ್‌ಗೆ ನಾನು ಅಲ್ಲಿರಬಲ್ಲೆ.

ಆದ್ದರಿಂದ ದಿನಾಂಕ ............ ಸೋಮವಾರದಿಂದ ನನ್ನನ್ನು ಬಿಟ್ಟುಕೊಡಲು ತಾವು ಒಪ್ಪಿ, ಕಾಲೇಜಿಗೆ ಶಿಫಾರಸು ಮಾಡಬೇಕೆಂದು ವಿನಂತಿಸುತ್ತೇನೆ. ಇದು ಸಾಧ್ಯವಾಗದಿದ್ದಲ್ಲಿ, ಉಳಿದ ಅವಧಿಯಲ್ಲಿ ನನಗೆ ಬರುವ ಎರಡು ಬೆಳಗಿನ ವಾರಗಳ ಬದಲು ಸಂಜೆಯ ಪಾಳಿಯನ್ನೇ ಕೊಡಬೇಕೆಂದು ಕೋರುತ್ತೇನೆ. ರಾತ್ರಿ ಹುಣಸೂರಿನಿಂದ ಊರಿಗೆ ನನ್ನ ತಂದೆ ಕರೆದುಕೊಂಡು ಹೋಗುತ್ತಾರೆ.

ತೀರ್ಮಾನವಾಗುವವರೆಗೆ ಈಗಿನ ರೋಸ್ಟರ್‌ನಂತೆಯೇ ಡ್ಯೂಟಿಗೆ ಬರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ,
(ಸಹಿ)

ಲಗತ್ತು: 1. ಒಂದು ವಾರದ ಪ್ರಯಾಣದ ವೇಳೆ ಮತ್ತು ಟಿಕೆಟ್ ಪ್ರತಿ. 2. ಸಹಪಾಠಿಯ ಒಪ್ಪಿಗೆ ಪತ್ರ.
ಪ್ರತಿ: ಪ್ರಾಂಶುಪಾಲರು, (ಕಾಲೇಜಿನ ಹೆಸರು)

ಕೆಲವು ಸಾಲುಗಳು ಹಾಗೇಕೆ ಇವೆ

ಹಾಸ್ಟೆಲ್‌ನ ಎರಡು ಸಾಲನ್ನು ಬಿಡಬೇಡಿ. ದೂರ ಎಂದ ತಕ್ಷಣ ಎದುರಿನಿಂದ ಬರುವ ಮಾತು ‘ಹಾಸ್ಟೆಲ್‌ನಲ್ಲಿ ಇರಬಹುದಲ್ಲಮ್ಮ’ ಎಂಬುದೇ. ಅದಕ್ಕೆ ಉತ್ತರ ಪತ್ರದಲ್ಲೇ ಇರಬೇಕು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಹಾಕಿದ್ದರೆ ಹಾಕಿದ್ದೇನೆ ಎಂದೇ ಬರೆಯಿರಿ. ಹಾಕಿಲ್ಲದಿದ್ದರೆ ಮೊದಲು ಹಾಕಿ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಬೇಕು ಎಂಬಂಥ ಕಾರಣವಿದ್ದರೆ ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಸಾಕುಮಾಡಿ. ಇಲ್ಲದ ಕಾಯಿಲೆಗೆ ವೈದ್ಯಕೀಯ ಪ್ರಮಾಣಪತ್ರ ಮಾಡಿಸಿ ಲಗತ್ತಿಸುವ ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಆಸ್ಪತ್ರೆಯವರ ಮುಂದೆ ಆ ಕಾಗದ ಹಿಡಿದರೆ ಅದನ್ನು ಓದಿ ತೂಗಿ ನೋಡುವವರು ಅಲ್ಲೇ ಕೂತಿರುತ್ತಾರೆ. ಆಮೇಲೆ ನಿಮ್ಮ ನಿಜವಾದ ಮಾತನ್ನೂ ಯಾರೂ ನಂಬುವುದಿಲ್ಲ.

ಎರಡನೆಯ ಕೋರಿಕೆಯಲ್ಲಿ ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಸಂಜೆಯ ಪಾಳಿಯನ್ನೇ ಕೇಳಿದ್ದೇವೆ. ಕೆಲಸ ತಪ್ಪಿಸಲು ಈ ಹುಡುಗಿ ಬರೆದಿಲ್ಲ ಎಂಬುದನ್ನು ಅದು ತಾನಾಗಿಯೇ ಹೇಳುತ್ತದೆ. ಅದನ್ನು ಬದಲಿಸುವ ಅಧಿಕಾರವೂ ಇನ್‌ಚಾರ್ಜ್ ಕೈಯಲ್ಲೇ ಇದೆ, ಕಾಲೇಜಿನ ಆದೇಶಕ್ಕೆ ಕಾಯಬೇಕಿಲ್ಲ. ಆದರೆ ಇದಕ್ಕೊಂದು ಮಿತಿಯಿದೆ. ಡಾಕ್ಟರ ರೌಂಡ್ಸ್, ಡ್ರೆಸ್ಸಿಂಗ್, ಸ್ಯಾಂಪಲ್ ತೆಗೆಯುವುದು, ಡಿಸ್ಚಾರ್ಜ್ ಬರೆಯುವುದು ಹೆಚ್ಚಾಗಿ ನಡೆಯುವುದು ಬೆಳಿಗ್ಗೆ. ಆರೂ ವಾರ ಸಂಜೆಯಲ್ಲೇ ಕಳೆದರೆ ಅವುಗಳನ್ನು ಕಲಿಯುವ ಅವಕಾಶ ತಪ್ಪುತ್ತದೆ. ನಮ್ಮ ವಿದ್ಯಾರ್ಥಿನಿ ಒಂದು ಬೆಳಗಿನ ವಾರ ಮುಗಿಸಿಯೇ ಉಳಿದೆರಡನ್ನು ಕೇಳುತ್ತಿದ್ದಾಳೆ, ಅದೂ ಮೊದಲ ಕೋರಿಕೆ ನಡೆಯದಿದ್ದರೆ ಮಾತ್ರ. ರಾತ್ರಿ ಊರಿಗೆ ಕರೆದುಕೊಂಡು ಹೋಗಲು ಯಾರೂ ಇಲ್ಲದವರು ಈ ಸಾಲನ್ನು ಬರೆಯಲೇಬಾರದು. ಸಂಜೆ ಪಾಳಿ ಮುಗಿಸಿ 8:15ಕ್ಕೆ ಹೊರಟರೆ ಹುಣಸೂರು ಸೇರುವಾಗ 10 ದಾಟಿರುತ್ತದೆ, ಊರಿನ ಕೊನೆಯ ಬಸ್ ಆಗಲೇ ಹೋಗಿರುತ್ತದೆ. ಅಂಥವರು ಎರಡನೆಯ ಕೋರಿಕೆಯಾಗಿ ಮುಂದಿನ ರೊಟೇಷನ್‌ನಲ್ಲಾದರೂ ಹತ್ತಿರದ ಆಸ್ಪತ್ರೆ ಕೊಡಿ ಎಂದು ಕೇಳಬಹುದು.

ವಾರ್ಡಿನ ಬಗ್ಗೆ, ಅಲ್ಲಿನ ಸಿಬ್ಬಂದಿಯ ಬಗ್ಗೆ ಒಂದು ಮಾತೂ ಪತ್ರದಲ್ಲಿಲ್ಲ, ಇರಲೂಬಾರದು. ಯಾರಾದರೂ ಬೈದಿದ್ದರೆ, ಸ್ಟಾಫ್ ಮಾಡಬೇಕಾದ ಕೆಲಸವನ್ನೆಲ್ಲ ನಿಮ್ಮಿಂದಲೇ ಮಾಡಿಸುತ್ತಿದ್ದರೆ ಅದು ಬೇರೆಯೇ ದೂರು, ಬೋಧಕರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದು. ಎರಡನ್ನೂ ಒಂದೇ ಪತ್ರಕ್ಕೆ ತುರುಕಿದರೆ ಓದಿದವರು ‘ಓಹೋ, ದೂರ ಅನ್ನೋದು ಬರೀ ನೆಪ’ ಎಂದುಕೊಳ್ಳುತ್ತಾರೆ, ಎರಡೂ ಕೆಡುತ್ತವೆ.

ಕೊಡುವ ಹೊತ್ತು, ಕೊಡುವ ಬಗೆ

ಎರಡು ಪ್ರತಿ ಮಾಡಿ. ಮೊದಲು ನಿಮ್ಮ ಕ್ಲಿನಿಕಲ್ ಬೋಧಕರಿಗೆ ತೋರಿಸಿ ಸಹಿ ಪಡೆಯಿರಿ. ಅವರನ್ನು ದಾಟಿ ಹೋದರೆ ಪತ್ರ ತಿರುಗಿ ಅವರ ಬಳಿಗೇ ಬರುತ್ತದೆ, ಎರಡು ದಿನ ವ್ಯರ್ಥ. ಆಮೇಲೆ ವಾರ್ಡಿನಲ್ಲಿ ಮಧ್ಯಾಹ್ನದ ಊಟದ ಟ್ರಾಲಿ ಹೋಗಿ, ಸಂಜೆಯವರು ಬರುವ ಮುಂಚಿನ ಹೊತ್ತಿನಲ್ಲಿ ಕೊಡಿ. ರೌಂಡ್ಸ್ ನಡೆಯುವಾಗ, ಓವರ್ ಸಮಯದಲ್ಲಿ ಬೇಡ. ‘ಮೇಡಂ, ಒಂದು ರಿಕ್ವೆಸ್ಟ್ ಲೆಟರ್ ಇದೆ, ಬಿಡುವಾದಾಗ ನೋಡ್ತೀರಾ? ಬದಲಿಗೆ ಬರೋರ ಒಪ್ಪಿಗೆನೂ ಇಟ್ಟಿದ್ದೀನಿ’ ಎಂದಷ್ಟೇ ಹೇಳಿ. ಉಳಿದದ್ದನ್ನು ಪತ್ರವೇ ಹೇಳುತ್ತದೆ.

ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಎಂದು ಬರೆಸಿ, ದಿನಾಂಕದೊಂದಿಗೆ ಸಹಿ ಪಡೆಯಿರಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಕಚೇರಿಗೆ ಕೊಡಿ ಎಂದರೆ ಅಲ್ಲಿ ಆವಕ ಸಂಖ್ಯೆ ಬರೆಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳುಹಿಸಿ ‘ನೋಡಿದ್ದಾರೆ’ ಎಂದು ನೆಮ್ಮದಿಯಾಗಿರುವವರನ್ನು ಕಂಡಿದ್ದೇನೆ. ಆಸ್ಪತ್ರೆಯ ಕಡತಕ್ಕೆ ಅದು ಪತ್ರವೇ ಅಲ್ಲ.

ಪೋಸ್ಟಿಂಗ್ ಶುರುವಾಗುವ ಮೊದಲೇ, ಪ್ಲಾನ್ ಬೋರ್ಡಿಗೆ ಬಂದ ವಾರದಲ್ಲೇ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಶುರುವಾದ ಮೇಲಾದರೆ ಮೊದಲ ವಾರದ ಕೊನೆಯಲ್ಲಿ ಕೊಡಿ. ನಾಲ್ಕನೇ ವಾರದಲ್ಲಿ ಕೇಳಿದರೆ ‘ಇನ್ನೆರಡು ವಾರ ತಾನೇ’ ಎನ್ನುತ್ತಾರೆ, ಅವರು ಹೇಳುವುದೂ ಸರಿಯೇ. ಕೊಟ್ಟ ಮೂರನೇ ಕೆಲಸದ ದಿನ ಬೋಧಕರನ್ನು ಒಮ್ಮೆ ಕೇಳಿ. ದಿನವೂ ಇನ್‌ಚಾರ್ಜ್ ಮುಂದೆ ಹೋಗಿ ನಿಲ್ಲಬೇಡಿ. ಅಪ್ಪನನ್ನು ಕರೆತಂದು ಮಾತಾಡಿಸುವುದು, ಊರಿನ ಮುಖಂಡರಿಂದ ಫೋನ್ ಮಾಡಿಸುವುದು ಬೇಡವೇ ಬೇಡ. ಕೆಲಸ ಆದರೂ ಮುಂದಿನ ಪೋಸ್ಟಿಂಗ್‌ಗಳಲ್ಲಿ ನಿಮ್ಮ ಹೆಸರಿನ ಜೊತೆ ಆ ಫೋನ್ ಕರೆಯೂ ನೆನಪಿನಲ್ಲಿರುತ್ತದೆ.

ಉತ್ತರ ಬಂದ ಮೇಲೆ

ಇನ್‌ಚಾರ್ಜ್ ಬಾಯಲ್ಲಿ ‘ಸರಿ, ಹೋಗು’ ಎಂದರೂ ಹೊರಡಬೇಡಿ. ಹೆಚ್ಚು ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸೋಮವಾರ ಹೊಸ ಆಸ್ಪತ್ರೆಗೆ ಹೋಗಿ ನಿಂತರೆ ಅಲ್ಲಿಯ ಹಾಜರಿ ಪುಸ್ತಕದಲ್ಲಿ ಹೆಸರೇ ಇರುವುದಿಲ್ಲ, ಇಲ್ಲಿ ಗೈರುಹಾಜರಿ ಬೀಳುತ್ತದೆ. ಅವರ ಶರಾ ಇರುವ ಪ್ರತಿಯನ್ನು ಕಾಲೇಜಿಗೆ ಒಯ್ದು, ಇಬ್ಬರ ಹೆಸರೂ ದಿನಾಂಕವೂ ಇರುವ ಬದಲಾವಣೆಯ ಆದೇಶ ಕೈಗೆ ಬರುವವರೆಗೂ ಹಳೆಯ ವಾರ್ಡಿಗೇ ಬನ್ನಿ. ಆದೇಶದ ಒಂದೊಂದು ಪ್ರತಿ ಎರಡೂ ಆಸ್ಪತ್ರೆಗಳಿಗೆ ತಲುಪಿದೆಯೇ ಎಂದು ಬೋಧಕರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಆಗುವುದಿಲ್ಲ ಎಂಬ ಉತ್ತರ ಬಂದರೆ ಕಾರಣ ಕೇಳಿ. ಬದಲಿಗೆ ಬರುವವರು ಸಾಲದು ಎಂಬುದಾದರೆ ಇನ್ನೊಬ್ಬರನ್ನು ಹುಡುಕಬಹುದು. ಪ್ಲಾನ್ ಮಧ್ಯದಲ್ಲಿ ಬದಲಿಸುವುದಿಲ್ಲ ಎಂಬುದಾದರೆ ಎರಡನೆಯ ಕೋರಿಕೆಯನ್ನು ನೆನಪಿಸಿ. ಅದೂ ಆಗದಿದ್ದರೆ, ಬೆಳಗಿನ ವಾರಗಳಲ್ಲಿ ತಡವಾಗಿ ಬರುವುದನ್ನು ಬೋಧಕರ ಗಮನಕ್ಕೆ ಬರವಣಿಗೆಯಲ್ಲಿ ತಂದಿಡಿ. ಬಂದ ಕೂಡಲೇ ಒಬ್ಬ ಸ್ಟಾಫ್ ನರ್ಸ್ ಬಳಿ ನಿಮ್ಮ ರೋಗಿಗಳ ಓವರ್ ಕೇಳಿ ತಿಳಿದುಕೊಂಡ ಮೇಲೆಯೇ ಕೆಲಸಕ್ಕೆ ಕೈಹಾಕಿ. ಅದಕ್ಕೆ ಮುಂಚೆ ಯಾವ ಔಷಧಿಯನ್ನೂ ಕೊಡಬೇಡಿ. ನಿಮಗೆ ಗೊತ್ತಿಲ್ಲದ ಹೊತ್ತಿನಲ್ಲಿ ಆ ಔಷಧಿಯನ್ನು ಡಾಕ್ಟರು ನಿಲ್ಲಿಸಿರಬಹುದು, ಅಥವಾ ರಾತ್ರಿಯವರು ಆಗಲೇ ಕೊಟ್ಟಿರಬಹುದು.

ಬದಲಾವಣೆ ಸಿಕ್ಕಿದ್ದರೆ ಹಳೆಯ ವಾರ್ಡಿನ ಕೊನೆಯ ದಿನ ಲಾಗ್ ಬುಕ್ ತೆಗೆದುಕೊಂಡು ಹೋಗಿ. ಅಲ್ಲಿ ಮಾಡಿದ ಪ್ರತಿ ಪ್ರೊಸೀಜರ್ ಎದುರು ಸಹಿ, ಮುಗಿಸಿದ ದಿನಗಳ ಹಾಜರಿ, ಅರ್ಧವಾಗಿರುವ ಕೇರ್ ಪ್ಲಾನ್ ಇದ್ದರೆ ಅದರ ಮೇಲೊಂದು ಸಹಿ, ಎಲ್ಲವನ್ನೂ ಅಂದೇ ಮುಗಿಸಿಕೊಳ್ಳಿ. ವಾರ್ಡಿನ ಇನ್‌ಚಾರ್ಜ್ ಬದಲಾಗುತ್ತಾರೆ, ರಜೆಗೆ ಹೋಗುತ್ತಾರೆ. ಎರಡು ತಿಂಗಳ ನಂತರ ಒಂದು ಸಹಿಗಾಗಿ ಅದೇ 6:10ರ ಬಸ್ ಹತ್ತಿ ಅಷ್ಟು ದೂರ ಬಂದರೆ ಅವರು ಸಿಗದೇ ಹೋಗಬಹುದು. ಹೊಸ ಆಸ್ಪತ್ರೆಗೆ ಹೋಗುವಾಗ ಆದೇಶದ ಪ್ರತಿ, ಗುರುತಿನ ಚೀಟಿ, ಲಾಗ್ ಬುಕ್ ಮೂರನ್ನೂ ಇಟ್ಟುಕೊಂಡು ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟ್ ಕಚೇರಿಯಲ್ಲಿ ರಿಪೋರ್ಟ್ ಮಾಡಿ, ಹಾಜರಿ ಪುಸ್ತಕಕ್ಕೆ ಹೆಸರು ಸೇರಿಸಿಕೊಂಡು, ಆಮೇಲೆ ವಾರ್ಡಿಗೆ ಹೋಗಿ.